ವರ್ಡ್‌ನೊಳಗಿಂದಲೇ ಸ್ಕ್ರೀನ್‌ಶಾಟ್: ನಾನು ಎಡವಿದ ಜಾಗ

ವಿಜಯನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ನಿನ್ನೆ ಕೊಟ್ಟ ಕೆಲಸ ಇಷ್ಟೇ. ನಮ್ಮ ಮೆಟ್ರೋ ನಕ್ಷೆಯಲ್ಲಿ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗವನ್ನಷ್ಟೇ ಕತ್ತರಿಸಿ ವರ್ಡ್ ಫೈಲಿಗೆ ಹಾಕಬೇಕು. ಬೇರೆ ತಂತ್ರಾಂಶ ಬೇಡ, ವರ್ಡ್‌ನಲ್ಲೇ ಇರುವ Screenshot ಬಳಸಬೇಕು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಚಿತ್ರ ಬೇಕಾದ ಕಡೆ ಕರ್ಸರ್ ಇಟ್ಟು Insert ಟ್ಯಾಬ್‌ನಲ್ಲಿ Screenshot ಒತ್ತಿದರೆ ತೆರೆದಿರುವ ಕಿಟಕಿಗಳ ಪುಟ್ಟ ಚಿತ್ರಗಳು ಕಾಣುತ್ತವೆ. ಒಂದನ್ನು ಒತ್ತಿದರೆ ಆ ಕಿಟಕಿ ಇಡಿಯಾಗಿ ಬಂದು ಕೂರುತ್ತದೆ. ಮಿನಿಮೈಸ್ ಮಾಡಿದ ಕಿಟಕಿ ಮಾತ್ರ ಇಲ್ಲಿ ಕಾಣುವುದಿಲ್ಲ. ಪವರ್‌ಪಾಯಿಂಟ್‌ನಲ್ಲೂ ಹೀಗೇ.

ನನಗೆ ಬೇಕಿದ್ದದ್ದು ಒಂದು ತುಂಡು. ಅದಕ್ಕೆ ಕೆಳಗಿರುವ Screen Clipping. ಒತ್ತಿದ ತಕ್ಷಣ ವರ್ಡ್ ಮರೆಯಾಯಿತು, ಪರದೆ ಮಂಜು ಕವಿದಂತೆ ಬೆಳ್ಳಗಾಯಿತು, ಕರ್ಸರ್ ಕೂಡಿಸುವ ಗುರುತಿನಂತಾಯಿತು. ಆದರೆ ಎದುರಿಗೆ ಮೆಟ್ರೋ ನಕ್ಷೆಯ ಬದಲು ಮನೆ ಓನರ್ ಜೊತೆಗಿನ ವಾಟ್ಸಾಪ್ ಚಾಟ್! ಬಾಡಿಗೆ ಜಾಸ್ತಿ ಮಾಡುವ ಮಾತುಕತೆ ಬೇರೆ. ಪಕ್ಕದವರು ನೋಡುವ ಮೊದಲು Esc ಒತ್ತಿದೆ, ಅದು ರದ್ದಾಯಿತು. ಮತ್ತೆ ಪ್ರಯತ್ನಿಸಿದೆ. ಮತ್ತದೇ ಓನರ್.

ಕಾರಣ ಆಮೇಲೆ ಹೊಳೆಯಿತು. ಯಾವ ಕಿಟಕಿಯಿಂದ ಕತ್ತರಿಸಬೇಕು ಅಂತ ವರ್ಡ್ ಕೇಳುವುದೇ ಇಲ್ಲ. ತಾನು ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ಹಿಂದೆ ಏನಿದೆಯೋ ಅದು ಕಾಣುತ್ತದೆ. ಪರದೆ ಬೆಳ್ಳಗಾದ ಮೇಲೆ ಕಿಟಕಿ ಬದಲಿಸಲು ಆಗುವುದಿಲ್ಲ. ನಾನು ನಕ್ಷೆ ತೆರೆದಿದ್ದೆ ನಿಜ, ಆದರೆ ವರ್ಡ್‌ಗೆ ಬರುವ ದಾರಿಯಲ್ಲಿ ಸುಮ್ನೆ ಒಂದು ಮೆಸೇಜ್ ನೋಡಿದ್ದೆ. ಹಾಗಾಗಿ ವರ್ಡ್‌ನ ಬೆನ್ನಿಗೆ ಅಂಟಿಕೊಂಡಿದ್ದದ್ದು ವಾಟ್ಸಾಪ್.

ಈಗ ನಾನು ಮಾಡುವುದು ಹೀಗೆ. ಮೊದಲು ಬ್ರೌಸರ್‌ಗೆ ಹೋಗಿ, ಬೇಕಾದ ಭಾಗ ಪೂರ್ತಿ ಕಾಣುವಂತೆ ಸರಿಸಿ ಇಡುತ್ತೇನೆ, ಯಾಕೆಂದರೆ ಕತ್ತರಿಸುವಾಗ ಸ್ಕ್ರಾಲ್ ಆಗುವುದಿಲ್ಲ. ಅಲ್ಲಿಂದ ಬೇರೆಲ್ಲೂ ಇಣುಕದೆ ನೇರ ವರ್ಡ್‌ಗೆ. ಅನುಮಾನವಿದ್ದರೆ Alt+Tab ಒಮ್ಮೆ ಒತ್ತಿ ಬಿಡುತ್ತೇನೆ. ನಕ್ಷೆ ಬಂತಾ? ಇನ್ನೊಮ್ಮೆ ಒತ್ತಿ ವರ್ಡ್‌ಗೆ ವಾಪಸ್ಸು. ಈಗ ಹಿಂದೆ ಇರುವುದು ನಕ್ಷೆಯೇ. ಆಮೇಲೆ Screen Clipping, ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಬಿಟ್ಟರೆ ತುಂಡು ಕರ್ಸರ್ ಇದ್ದಲ್ಲಿ ಬಂದು ಬೀಳುತ್ತದೆ.

ಬಿತ್ತು, ಆದರೆ ನಕ್ಷೆಯ ಬದಲು ಒಂದು ಸಾಲಿನಷ್ಟು ಎತ್ತರದ ಪಟ್ಟಿ ಮಾತ್ರ ಕಂಡಿತು. ಕತ್ತರಿಸಿದ್ದೇ ತಪ್ಪು ಅಂದುಕೊಂಡು ಎರಡು ಸಲ ಮತ್ತೆ ಮಾಡಿದೆ. ತಪ್ಪು ಅಲ್ಲಿರಲಿಲ್ಲ. ಆ ಪ್ಯಾರಾಗೆ ನಾನೇ ಸಾಲಿನ ಅಂತರವನ್ನು Exactly ಎಂದು ಇಟ್ಟಿದ್ದೆ. ಆಗ ಸಾಲು ಚಿತ್ರಕ್ಕೆ ತಕ್ಕಂತೆ ಹಿಗ್ಗುವುದಿಲ್ಲ. ಆ ಸಾಲಿನಲ್ಲಿ ಕರ್ಸರ್ ಇಟ್ಟು Ctrl+1 ಒತ್ತಿದೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಕಂಡಿತು.