ಪದ ಪರಿಚಯ: ಪಠ್ಯಪದರ

ಪುಟದಲ್ಲಿ ‘ಕಾರ್ಯದರ್ಶಿ’ ಎಂಬ ಪದ ಕಣ್ಣೆದುರೇ ಇದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಸಂಘವೊಂದರ ಹಳೆಯ ನಡಾವಳಿ ಕಡತಗಳನ್ನು ಕ್ಲೌಡ್‌ಗೆ ಏರಿಸಿ ಹುಡುಕಲು ಕೂತಾಗ ನನಗೂ ಹೀಗೇ ಆಯಿತು. ಹುಡುಕುವ ತಂತ್ರಾಂಶ ಪುಟದ ರೂಪವನ್ನು ನೋಡುವುದೇ ಇಲ್ಲ. ಆ ರೂಪದ ಅಡಿಯಲ್ಲಿ ಸಂಕೇತಗಳ ಸಾಲೊಂದು ಇರುತ್ತದೆ, ಅದು ಓದುವುದು ಅದನ್ನಷ್ಟೇ. ಆ ಸಾಲಿನ ಹೆಸರು ಪಠ್ಯಪದರ, ಅಂದರೆ ಟೆಕ್ಸ್ಟ್ ಲೇಯರ್. ಮೇಲಿನ ಪುಟಕ್ಕೂ ಕೆಳಗಿನ ಪದರಕ್ಕೂ ಹೊಂದಾಣಿಕೆ ತಪ್ಪಿದ ಕಡೆಯಲ್ಲೆಲ್ಲ ಹುಡುಕಾಟ ಸೋಲುತ್ತದೆ.

ಟೈಪ್ ಮಾಡಿದ ಕಡತದಲ್ಲೇ ಇದು ಶುರುವಾಗುತ್ತದೆ. ನನ್ನ ಕಡತಗಳಲ್ಲಿ ಕೆಲವನ್ನು ಟೈಪ್ ಮಾಡಿದವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿದ್ದರು. ‘ಕಾಯ೯ದಶಿ೯’ ಎಂದು ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ, ಅಷ್ಟು ಹೋಲಿಕೆ. ಯೂನಿಕೋಡ್ ಸಂಕೇತಗಳನ್ನು ಬಿಡಿಸಿದರೆ ಬಣ್ಣ ಬಯಲಾಗುತ್ತದೆ:

```
ಕಾರ್ಯ   0C95 0CBE 0CB0 0CCD 0CAF
ಕಾಯ೯   0C95 0CBE 0CAF 0CEF
```

ಸರಿಯಾದ ಸಾಲಿನಲ್ಲಿ ‘ರ’ ಮೊದಲು, ‘ಯ’ ಆಮೇಲೆ. ಬರೆಯುವಾಗ ಅರ್ಕಾವತ್ತು ಬಲಕ್ಕೆ ಬಂದರೂ ಸಂಕೇತಗಳು ಉಚ್ಚಾರಣೆಯ ಕ್ರಮದಲ್ಲೇ ಇರುತ್ತವೆ. ಎರಡನೆಯ ಸಾಲಿನಲ್ಲಿ ‘ರ’ ಇಲ್ಲವೇ ಇಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುವುದೂ ಇದರದೇ ಇನ್ನೊಂದು ರೂಪ: ‘ಸಂಬಳ’ ಮತ್ತು ‘ಸ೦ಬಳ’ ಯಂತ್ರಕ್ಕೆ ಎರಡು ಬೇರೆ ಪದಗಳು.

ಯೂನಿಕೋಡ್‌ಗೂ ಹಿಂದಿನ ಅಕ್ಷರಶೈಲಿಗಳಲ್ಲಿ ಮಾಡಿದ ಪಿಡಿಎಫ್ ಇನ್ನೂ ಮೋಸದ್ದು. ಮೇಲೆ ಚೆಂದದ ಕನ್ನಡ, ಅಡಿಯಲ್ಲಿ ರೋಮನ್ ಗುರುತುಗಳು. ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕೂತಿರುತ್ತದೆ. ಇದಕ್ಕೆ ಪರಿವರ್ತಕಗಳಿವೆ, ಆ ಮಾತು ಅಷ್ಟಕ್ಕೇ ಸಾಕು.

ಸ್ಕ್ಯಾನ್ ಮಾಡಿದ ಪುಟದ ಕಥೆ ಬೇರೆ. ಅದು ಬರೀ ಚಿತ್ರ, ಪಠ್ಯಪದರವೇ ಇರುವುದಿಲ್ಲ. ಅದನ್ನು ಹೊಸದಾಗಿ ಹುಟ್ಟಿಸುವ ಕೆಲಸ ಓಸಿಆರ್‌ನದು, ಎಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಸಂಕೇತಗಳಾಗಿಸುವುದು. ಇಲ್ಲಿ ಮೊದಲು ನೋಡಬೇಕಾದ್ದು ಭಾಷೆಯ ಆಯ್ಕೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಭಾಷೆ ಹೇಳದಿದ್ದರೆ ಅದು ಇಂಗ್ಲಿಷ್ ಎಂದೇ ಓದಿ, ಕನ್ನಡ ಪುಟಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಸುರಿಯುತ್ತದೆ. ಕನ್ನಡದ ದತ್ತಾಂಶ ಹಾಕಿಕೊಂಡು ಹೀಗೆ ಹೇಳಬೇಕು:

```
tesseract page.png out -l kan
```

ಇಂಗ್ಲಿಷ್ ಆಯ್ಕೆಯಲ್ಲೇ ಸ್ಕ್ಯಾನ್ ಆದ ಪಿಡಿಎಫ್‌ನಲ್ಲಿ ಇನ್ನೊಂದು ತೊಡಕಿದೆ. ಕಸವಾದರೂ ಸರಿ, ಪದರ ಎಂಬುದೊಂದು ಇದೆಯಲ್ಲ. ಹಾಗಾಗಿ ಆಮೇಲೆ ಬರುವ ಸಾಧನಗಳು ‘ಇದರಲ್ಲಿ ಪಠ್ಯ ಇದೆ’ ಎಂದು ಅದನ್ನು ಮುಟ್ಟದೆ ಬಿಡಬಹುದು. ಹಳೆಯ ಪದರವನ್ನು ಬಿಸಾಡಿ ಮತ್ತೆ ಓದು ಎಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಪರೀಕ್ಷೆ ಸುಲಭ: ಪುಟದಿಂದ ಒಂದು ಸಾಲನ್ನು ನಕಲು ಮಾಡಿ ಖಾಲಿ ಕಡತದಲ್ಲಿ ಅಂಟಿಸಿ. ಅಲ್ಲಿ ಏನು ಬಿತ್ತೋ ಹುಡುಕಾಟಕ್ಕೆ ಕಾಣುವುದೂ ಅದೇ. ಏನೂ ಆಯ್ಕೆಯಾಗದಿದ್ದರೆ ಪದರವಿಲ್ಲ.

ಭಾಷೆ ಸರಿಯಿದ್ದು, 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಆದ ಈಚಿನ ಮುದ್ರಣವಾದರೆ ಓಸಿಆರ್ ಚೆನ್ನಾಗಿಯೇ ಓದುತ್ತದೆ. ಆದರೂ ‘ನೂರಕ್ಕೆ 98 ಸರಿ’ ಎಂಬಂಥ ಮಾತು ಕೇಳಿ ನಾನು ಸಮಾಧಾನಪಡುವುದಿಲ್ಲ. ಆ ಲೆಕ್ಕ ಪದಗಳದ್ದಾಗಿರದೆ ಬಿಡಿ ಸಂಕೇತಗಳದ್ದಾಗಿದ್ದರೆ ನೋಡಿ ಏನಾಗುತ್ತದೆ. ‘ಕಾರ್ಯದರ್ಶಿ’ಯಲ್ಲಿ 10 ಸಂಕೇತಗಳಿವೆ, ಹತ್ತೂ ಸರಿಯಾಗಿ ಬರುವುದು ನೂರರಲ್ಲಿ ಸುಮಾರು 82 ಸಲ. ‘ಕಾರ್ಯದರ್ಶಿಯವರಿಗೆ’ ಎಂದರೆ 16 ಸಂಕೇತ, ಆಗ 72ಕ್ಕೆ ಇಳಿಯುತ್ತದೆ. ವಿಭಕ್ತಿ ಅಂಟಿಸಿಕೊಂಡು ಉದ್ದವಾಗುವ ನಮ್ಮ ಪದಗಳಿಗೆ ಈ ಏಟು ಜೋರಾಗಿಯೇ ಬೀಳುತ್ತದೆ. ತಪ್ಪುಗಳೂ ಎಲ್ಲ ಕಡೆ ಸಮನಾಗಿ ಹಂಚಿಹೋಗುವುದಿಲ್ಲ. ಸಾಲಿನ ಕೆಳಗೆ ಚಿಕ್ಕದಾಗಿ ಕೂರುವ ಒತ್ತಕ್ಷರ, ‘ದ–ಧ–ಥ’ಗಳ ನಡುವಿನ ಸಣ್ಣ ಗೀಟು, ಚುಕ್ಕೆ, ಮತ್ತದೇ ಅರ್ಕಾವತ್ತು: ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ಮೊದಲು ಕೆಡುವುದು ಇವೇ.

ಹಾಗಾಗಿ ಹುಡುಕುವಾಗ ಪದದ ತುಂಡನ್ನು ಕೊಡುವುದು ಲೇಸು. ‘ದರ್ಶಿ’ಯಲ್ಲಿ ಐದೇ ಸಂಕೇತ, ಸಿಗುವ ಸಾಧ್ಯತೆ 90ರ ಹತ್ತಿರ. ‘ಊರು’ ಎಂದು ಹುಡುಕಿದರೆ ‘ಊರಿನಲ್ಲಿ’ ಸಿಗದು, ಏಕೆಂದರೆ ಕೊನೆಯ ಉಕಾರ ಅಲ್ಲಿ ಇಕಾರವಾಗಿದೆ. ‘ಊರಿ’ ಎಂದು ಇನ್ನೊಮ್ಮೆ ಹುಡುಕಬೇಕು. ಆದರೆ ಕ್ಲೌಡ್‌ನ ಕಡತಪಟ್ಟಿಯ ಹುಡುಕಾಟ ಪದದ ನಡುವಿನ ತುಂಡನ್ನು ಹಿಡಿಯದೇ ಇರಬಹುದು. ಕಡತವನ್ನು ತೆರೆದು ಒಳಗೆ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ.

ಕೈಬರಹದ ನಡಾವಳಿಗಳನ್ನು ನಾನು ಓಸಿಆರ್‌ಗೆ ಬಿಡಲಿಲ್ಲ. ಸಭೆಯ ದಿನಾಂಕ ಮತ್ತು ವಿಷಯದ ಎರಡು ಪದಗಳನ್ನು ಕಡತದ ಹೆಸರಲ್ಲೇ ಬರೆದಿಟ್ಟೆ, ಒಂಬತ್ತು ಬೀಳದಂತೆ ನೋಡಿಕೊಂಡು.