ಕೊನೇ ಮಹಡಿಯ ಕಾವಿಗೆ ಯಾವುದು: ಫೋಮ್ ಬೋರ್ಡಾ, ಫಾಯಿಲ್ಲಾ, ಟೊಳ್ಳು ಟೈಲ್ಸಾ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಕೊನೇ ಮಹಡಿ. ರಾತ್ರಿ ಹತ್ತಾದರೂ ಫ್ಯಾನ್ ಬಿಸಿಗಾಳಿ ಬೀಸುತ್ತದೆ. ತಾರಸಿ ಮೇಲೆ ಫಾಯಿಲ್ ಹಾಸಿ ಸಿಮೆಂಟ್ ಹಾಕಿಸಿದರೆ ಸಾಕು ಅಂತಾರೆ, ಹೌದಾ?

ಸಾಲದು. ಪ್ರತಿ ಬೇಸಿಗೆ ಇದನ್ನೇ ಹೇಳುತ್ತಿದ್ದೇನೆ, ಈ ಸಲ ಕಾರಣ ಬಿಡಿಸಿ ಹೇಳುತ್ತೇನೆ.

ಅಂಗಡಿಯವರು ಉರಿಯುವ ಹ್ಯಾಲೊಜನ್ ದೀಪದ ಮುಂದೆ ಫಾಯಿಲ್ ಹಿಡಿದು, ಅದರ ಹಿಂದೆ ನಿಮ್ಮ ಕೈ ಇಡಿಸುತ್ತಾರೆ. ಬಿಸಿ ತಾಕುವುದಿಲ್ಲ. ಅದು ಮೋಸವಲ್ಲ, ಆದರೆ ಅಲ್ಲಿ ದೀಪಕ್ಕೂ ಫಾಯಿಲ್‌ಗೂ ನಡುವೆ ಗಾಳಿ ಇದೆ ಅನ್ನೋದನ್ನು ಗಮನಿಸಿ. ಗಾಳಿ ದಾಟಿ ಬರುವ ಶಾಖವನ್ನು ಮಾತ್ರ ಹೊಳಪು ವಾಪಸ್ ಕಳಿಸುತ್ತದೆ. ತಾರಸಿಯಲ್ಲಿ ಬಿಸಿಯಾದ ಸಿಮೆಂಟ್ ಫಾಯಿಲ್‌ಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಶಾಖ ಮುಟ್ಟಿದ ಕಡೆಯಿಂದ ನೇರ ಕೆಳಗಿಳಿಯುತ್ತದೆ. ಅಲ್ಯೂಮಿನಿಯಂ ಅದನ್ನು ತಡೆಯುವ ವಸ್ತುವೇ ಅಲ್ಲ. ಸಾಲದ್ದಕ್ಕೆ ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಹೊಳಪೂ ಉಳಿಯುವುದಿಲ್ಲ. ಫಾಯಿಲ್ ಕೆಲಸ ಮಾಡಬೇಕಾದರೆ ಹೊಳೆಯುವ ಮುಖದ ಎದುರು ಒಂದಿಂಚಾದರೂ ಖಾಲಿ ಜಾಗ ಬೇಕು. ತಗಡಿನ ಶೀಟಿನ ಕೆಳಗೆ, ಇಲ್ಲವೇ ಫಾಲ್ಸ್ ಸೀಲಿಂಗಿನ ಮೇಲಿನ ಖಾಲಿಯಲ್ಲಿ ಹೊಳಪು ಕೆಳಮುಖ ಮಾಡಿ ಹಾಕಿಸಿ, ಅಲ್ಲಿ ಅದು ಚೆನ್ನಾಗಿ ದುಡಿಯುತ್ತದೆ. ಮೇಲ್ಮುಖ ಇಟ್ಟರೆ ಧೂಳು ಕೂತು ಮಂಕಾಗುತ್ತದೆ.

ನಿಮ್ಮ ಕಾಂಕ್ರೀಟ್ ತಾರಸಿಗೆ ನಾನು ಹೇಳುವುದು ಎಕ್ಸ್‌ಪಿಎಸ್ ಫೋಮ್ ಬೋರ್ಡ್, 50 ಮಿ.ಮೀ. ದಪ್ಪದ್ದು. ಶಾಖ ತಡೆಯುವುದರಲ್ಲಿ ಅಷ್ಟು ಫೋಮು ಎರಡು ಮೀಟರ್ ಕಾಂಕ್ರೀಟಿಗಿಂತ ಜಾಸ್ತಿ. ಅಗ್ಗ ಅಂತ ಬಿಳಿ ಥರ್ಮೋಕೋಲ್ ತರಬೇಡಿ, ಅದರ ಕಾಳುಗಳ ಸಂದಿಯಲ್ಲಿ ನೀರು ಸೇರುತ್ತದೆ. 10x12 ಅಡಿ ಕೋಣೆಯ ಮೇಲೆ 4x2 ಅಡಿಯ 15 ಬೋರ್ಡ್ ಹಿಡಿಸುತ್ತವೆ. ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ ನೀರು ಕಟ್ಟಿ ನೋಡಿ. ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಬೋರ್ಡುಗಳನ್ನು ಸಂದಿ ಬಿಡದೆ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಾಲರಿ ಇಟ್ಟು ಎರಡಿಂಚು ಕಾಂಕ್ರೀಟ್, ನೀರು ಹರಿಯುವ ಇಳಿಜಾರು ಕೊಟ್ಟು. ಅದೇ ಫೋಮನ್ನು ಕೋಣೆಯ ಒಳಗಿನಿಂದ ಅಂಟಿಸಿ ಬರಿದೇ ಬಿಡುವುದು ಮಾತ್ರ ಬೇಡ, ಬೆಂಕಿ ತಾಗಿದರೆ ದಟ್ಟ ಹೊಗೆ ಬರುತ್ತದೆ.

ಟೊಳ್ಳು ಮಣ್ಣಿನ ಟೈಲ್ಸ್ ಕೆಟ್ಟದ್ದಲ್ಲ, ಒಳಗಿನ ಗಾಳಿ ಸ್ವಲ್ಪ ತಡೆಯುತ್ತದೆ. ಆದರೆ ಟೊಳ್ಳಿನ ಗೋಡೆಗಳೂ ಸಂದಿಯ ಗಾರೆಯೂ ಶಾಖವನ್ನು ಕೆಳಗೆ ದಾಟಿಸುತ್ತವೆ. ಭಾರವೂ ಜಾಸ್ತಿ, ಹಳೇ ತಾರಸಿಯಾದರೆ ಎಂಜಿನಿಯರನ್ನು ಕೇಳದೆ ಹೊರಿಸಬೇಡಿ.

ಯಾರೂ ಕೇಳದ ಇನ್ನೊಂದು ಮಾತು: ಇಷ್ಟೆಲ್ಲ ಆದ ಮೇಲೆ ಅದರ ಮೇಲೆ ಕೆಂಪು ಅಥವಾ ಕಡುಬೂದು ಟೈಲ್ಸ್ ಹಾಕಿಸುತ್ತಾರಲ್ಲ, ಯಾಕೆ? ಫೋಮ್ ಶಾಖವನ್ನು ನಿಧಾನ ಮಾಡುತ್ತದೆ ಅಷ್ಟೇ, ಬಿಳಿ ಮೈ ಬಿಸಿಲನ್ನು ಮೊದಲೇ ವಾಪಸ್ ಕಳಿಸುತ್ತದೆ. ಈ ವರ್ಷ ಫೋಮಿಗೆ ದುಡ್ಡಿಲ್ಲದಿದ್ದರೆ ತಾರಸಿ ತೊಳೆದು ಎರಡು ಕೋಟ್ ಸುಣ್ಣವನ್ನಾದರೂ ಬಳಿಸಿ. ಮಳೆಗೆ ಅದು ತೊಳೆದುಹೋಗುತ್ತದೆ, ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬಳಿಸಬೇಕಾಗುತ್ತದೆ.