ಆಫರ್ ಬಂದ ಮೇಲೆ ಒಂದಕ್ಷರದ ತಕರಾರು

"ಮೇಡಂ, ಕಾಗದ ಎಲ್ಲಾ ಕಳಿಸಿ ಹನ್ನೆರಡು ದಿನ ಆಯ್ತು. ವೆರಿಫಿಕೇಶನ್ ಇನ್ನೂ ಮುಗಿದಿಲ್ಲ. ನನ್ನ ಕೆಲಸ ಹೋಯ್ತಾ?" ಬದಿಯಡ್ಕ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿದಳು. ದನಿ ನಡುಗುತ್ತಿತ್ತು.

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ. ಮಂಗಳೂರಿನ ಕಂಪನಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಆಫರ್ ಕೊಟ್ಟ ಮೇಲೆ, ಕೆಲಸಕ್ಕೆ ಸೇರುವ ಮೊದಲು ಅಭ್ಯರ್ಥಿ ಕೊಟ್ಟ ವಿವರ ನಿಜವೇ ಎಂದು ಪರಿಶೀಲಿಸುವುದೇ ಈ ವೆರಿಫಿಕೇಶನ್. ಅವಳ ಫೈಲು ತೆರೆದರೆ 'ಇನ್‌ಸಫಿಶಿಯೆನ್ಸಿ' ಎಂದು ತೋರಿಸುತ್ತಿತ್ತು. ತಪ್ಪು ಸಿಕ್ಕಿದೆ ಎಂದು ಇದರ ಅರ್ಥ ಅಲ್ಲ. ನಿಮ್ಮಿಂದ ಯಾವುದೋ ಕಾಗದ ಬರಬೇಕು, ಅಲ್ಲಿ ತನಕ ಪರಿಶೀಲನೆ ನಿಂತಿದೆ ಎಂದಷ್ಟೇ. ಆ ವಿಷಯ ತಿಳಿಸುವ ಮೇಲ್ ಎಂಟು ದಿನದಿಂದ ಅವಳ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು.

ಪರಿಶೀಲನೆಯನ್ನು ಸಾಮಾನ್ಯವಾಗಿ ಕಂಪನಿಯೇ ಮಾಡುವುದಿಲ್ಲ, ಹೊರಗಿನ ಏಜೆನ್ಸಿಗೆ ಕೊಡುತ್ತದೆ. ಅವರು ನೋಡುವುದು ನಾಲ್ಕು ಸಂಗತಿ: ಗುರುತು, ಓದು, ಹಿಂದಿನ ಕೆಲಸ, ವಿಳಾಸ. ಜೊತೆಗೆ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇಟ್ಟುಕೊಂಡು ಕೋರ್ಟ್ ದಾಖಲೆಗಳಲ್ಲಿ ಹುಡುಕುತ್ತಾರೆ. ಕೆಲವು ಕಂಪನಿಗಳು ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತವೆ. ಕೇರಳದ ವಿಳಾಸಕ್ಕೆ ಅದನ್ನು ಕೇರಳ ಪೊಲೀಸರ 'ತುಣ' ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪಡೆಯಬಹುದು.

ಎಲ್ಲಾ ಸರಿಯಿದ್ದರೆ ಒಟ್ಟು ಹತ್ತರಿಂದ ಹದಿನೈದು ಕೆಲಸದ ದಿನ ಸಾಕು. ಕೋರ್ಟ್ ದಾಖಲೆ ಎರಡು ಮೂರು ದಿನದಲ್ಲಿ, ವಿಳಾಸ ಮತ್ತು ಹಿಂದಿನ ಕೆಲಸ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಜಾಸ್ತಿ ಹೊತ್ತು ಹಿಡಿಯುವುದು ಓದಿನ ಪರಿಶೀಲನೆ. ಏಜೆನ್ಸಿ ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟಿ, ರಿಜಿಸ್ಟರ್ ನಂಬರ್ ಕೊಟ್ಟು, ಉತ್ತರಕ್ಕೆ ಕಾಯಬೇಕು. ಪರೀಕ್ಷೆಯ ಸಮಯವಾದರೆ ಇನ್ನೂ ತಡ. ಘಟಿಕೋತ್ಸವದ ಸರ್ಟಿಫಿಕೇಟ್ ಕೈಗೆ ಬಂದಿಲ್ಲ ಎಂದು ಗಾಬರಿ ಬೇಡ, ಪ್ರೊವಿಷನಲ್ ಸರ್ಟಿಫಿಕೇಟ್ ಮತ್ತು ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಅಂಕಪಟ್ಟಿಯ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಕಳಿಸಿ. ಅಂಚು ಕತ್ತರಿಸಿಹೋದ ಮೊಬೈಲ್ ಫೋಟೊ ವಾಪಸ್ ಬರುತ್ತದೆ.

ಈ ಹುಡುಗಿಯ ಫೈಲು ನಿಂತದ್ದು ಹೆಸರಿನಲ್ಲಿ. ನಮ್ಮ ಕಡೆಯ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ನೋಡುವ ತೊಡಕು ಇದು. ಎಸ್ಸೆಸ್ಸೆಲ್ಸಿ ಕೇರಳದಲ್ಲಿ, ಪದವಿ ಮಂಗಳೂರಿನಲ್ಲಿ, ಆಧಾರ್ ಮತ್ತೊಂದು ಕಡೆ ಮಾಡಿಸಿದ್ದು. ಹತ್ತನೆಯ ತರಗತಿಯಲ್ಲಿ ಅವಳ ಹೆಸರಿನ ಕೊನೆಗೆ 'ಕೆ' ಇತ್ತು, ಅದು ಮನೆತನದ ಹೆಸರಿನದು. ಪದವಿಯಲ್ಲಿ ಅಕ್ಷರವೇ ಇಲ್ಲ. ಆಧಾರ್‌ನಲ್ಲಿ ಹೆಸರಿನ ಮುಂದೆ ತಂದೆಯ ಪೂರ್ತಿ ಹೆಸರು. ನಮಗೆ ಮೂವರೂ ಒಬ್ಬಳೇ. ದೂರದ ಊರಿನಲ್ಲಿ ಕೂತು ಕಾಗದ ಹೊಂದಿಸುವವರಿಗೆ ಮೂರು ಬೇರೆ ಬೇರೆ ಹೆಸರು.

ಇದಕ್ಕೆ ಎರಡು ದಾರಿಯಿದೆ. ಒಂದು, ಮುದ್ರಾಂಕ ಕಾಗದದಲ್ಲಿ ನೋಟರಿ ಮಾಡಿಸಿದ ಅಫಿಡವಿಟ್. ಇನ್ನೊಂದು, ಕೇರಳದ ಕಂದಾಯ ಇಲಾಖೆ ಕೊಡುವ 'ಒನ್ ಆ್ಯಂಡ್ ದಿ ಸೇಮ್' ಸರ್ಟಿಫಿಕೇಟ್. ಎರಡು ಕಾಗದದಲ್ಲಿರುವ ಎರಡು ಹೆಸರೂ ಒಬ್ಬರದೇ ಎಂದು ಅದು ಹೇಳುತ್ತದೆ. ಕೇರಳದ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಮುಂದೆ ಪಾಸ್‌ಪೋರ್ಟಿಗೋ ಬ್ಯಾಂಕಿಗೋ ಹೋದಾಗಲೂ ಸರ್ಕಾರಿ ಕಾಗದ ಕೈಯಲ್ಲಿರುತ್ತದೆ. ಅರ್ಜಿಯಲ್ಲಿ ಮೂರೂ ಹೆಸರನ್ನು ಆಯಾ ಕಾಗದದಲ್ಲಿ ಇದ್ದ ಹಾಗೆಯೇ, ಚುಕ್ಕಿಯೂ ಬಿಡದೆ ಬರೆಸು ಎಂದು ಅವಳಿಗೆ ಹೇಳಿದೆ.

ಮೊದಲೇ ಕೆಲಸ ಮಾಡಿದವರಿಗೆ ತೊಂದರೆ ಬರುವುದು ತಾರೀಕಿನಲ್ಲಿ. ರಿಲೀವಿಂಗ್ ಲೆಟರ್ ಮತ್ತು ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ, ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ನಂಬರ್ ಹಾಕಿ ಪಿಎಫ್ ದಾಖಲೆಯನ್ನೂ ನೋಡುತ್ತಾರೆ. ನೆನಪಿನಿಂದ ತಿಂಗಳು ಹೇಳಬೇಡಿ, ಲೆಟರ್ ಮುಂದೆ ಇಟ್ಟುಕೊಂಡು ಫಾರ್ಮ್ ತುಂಬಿ. ಪಿಎಫ್‌ನಲ್ಲಿ ಬಿಟ್ಟ ದಿನ ನಮೂದಾಗದಿದ್ದರೆ ನೀವು ಇನ್ನೂ ಅಲ್ಲೇ ಇದ್ದೀರಿ ಎಂದು ತೋರಿಸುತ್ತದೆ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪಿಎಫ್ ವೆಬ್‌ಸೈಟ್‌ನಲ್ಲಿ 'ಮಾರ್ಕ್ ಎಕ್ಸಿಟ್' ಒತ್ತಿ ನೀವೇ ಅದನ್ನು ಹಾಕಬಹುದು. ಈಗಿನ ಕಂಪನಿಗೆ ಫೋನ್ ಮಾಡಬೇಡಿ ಎನ್ನುವ ಜಾಗ ಫಾರ್ಮ್‌ನಲ್ಲಿ ಇದ್ದರೆ ಗುರುತು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ರಾಜೀನಾಮೆಗೆ ಮೊದಲೇ ಅಲ್ಲಿನವರಿಗೆ ಸುದ್ದಿ ಹೋಗುತ್ತದೆ.

ಹುಡುಗಿಗೆ ಸರ್ಟಿಫಿಕೇಟ್ ಐದು ದಿನದಲ್ಲಿ ಬಂತು. ಅಪ್‌ಲೋಡ್ ಮಾಡಿದ ದಿನದಿಂದ ಪರಿಶೀಲನೆ ಮತ್ತೆ ಓಡಲು ಶುರುವಾಯಿತು. ವಿಶ್ವವಿದ್ಯಾಲಯದ ಉತ್ತರ ಬರಲು ಇನ್ನೊಂದು ವಾರ ಹಿಡಿಯಿತು. ಸೇರುವ ದಿನವನ್ನು ಎರಡು ವಾರ ಮುಂದೆ ಹಾಕಿಸಿ ಕೊಟ್ಟೆ. ಮೊದಲ ದಿನ ಅವಳು ಬೆಳಿಗ್ಗೆಯ ರೈಲಿಗೆ ಬಂದು, ಗೇಟಿನ ಹತ್ತಿರ ಆಧಾರ್ ಕಾರ್ಡನ್ನು ಆ ಸರ್ಟಿಫಿಕೇಟಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಿದ್ದಳು.